ಉಗಿ ಬಿಟ್ಟು

ಮಧುಮತಿ ಬಂಗೂರನಗರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳ ಗಂಡ ಉಳವಪ್ಪ ಅಂಬೇವಾಡಿಯಾಚೆ ಕಾಗದ ತಯಾರಿಸುವ ಒಂದು ಸಣ್ಣ ಶೆಡ್ಡಿನಲ್ಲಿ ದುಡಿಯುತ್ತಾನೆ. ಅಲ್ಲಿಗೆ ಹೊಸದಾಗಿ ಬಂದ ಉಗಿಯ ಹಂಡೆಯ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡಕ್ಕೆ ತಂದವಳು ಇವಳೇ. ಬರೆದದ್ದನ್ನು ಪೇಂಟರ್ ಹಾಗೇ ಬೋರ್ಡಿಗೆ ಇಳಿಸಿದ್ದ. ಇಂದು ಹಂಡೆಗೆ ಮೊದಲ ಬೆಂಕಿ.

ಅದೇ ಹೊತ್ತಿಗೆ ಕ್ಲಾಸಿನಲ್ಲಿ ಅನ್ನಪೂರ್ಣಾ ಎಂಬ ಹುಡುಗಿ ‘ಹಿ ಸ್ಲೆಪ್ಟ್ ಆಫ್ಟರ್ ಈಟಿಂಗ್’ ಎಂಬುದನ್ನು ‘ಅವನು ಮಲಗಿದ, ಉಂಡ ಮೇಲೆ’ ಎಂದು ಬರೆದಳು. ಎಲ್ಲರೂ ನಕ್ಕರು. ಮಧುಮತಿಯೂ ನಕ್ಕು ವಿವರಿಸಿದಳು: ಇಂಗ್ಲಿಷಿನವರು ‘ಆಫ್ಟರ್’ ಇದೆಯೆಂಬ ಧೈರ್ಯದಲ್ಲಿ ಆಮೇಲಿನ ಕೆಲಸವನ್ನು ಮೊದಲೇ ಹೇಳಿಬಿಡುತ್ತಾರೆ. ‘ಹ್ಯಾವಿಂಗ್ ಈಟನ್’ ಎಂದರೆ ಊಟ ಮೊದಲು ಬರುತ್ತದೆ. ‘ಆ್ಯಂಡ್’ ಹಾಕಿ ಎರಡನ್ನೂ ಜೋಡಿಸುವುದೂ ಉಂಟು. ನಮ್ಮದರಲ್ಲಿ ಉಂಡು, ಕೈ ತೊಳೆದು, ಹಾಸಿಗೆ ಹಾಸಿ, ಮಲಗಿದ. ನಡೆದ ಸಾಲಿನಲ್ಲೇ ಮಾತು ನಡೆಯುತ್ತದೆ.

ಹೇಳುತ್ತಿದ್ದವಳ ಕೈಯ ಚಾಕ್ ನಿಂತಿತು. ಬೋರ್ಡಿಗೆ ತಾನು ಬರೆದುಕೊಟ್ಟದ್ದೇನು? ಮೇಲಿನ ಸಾಲು: ‘ಮುಚ್ಚಳದ ಬೋಲ್ಟು ಬಿಚ್ಚಿರಿ’. ಅದರ ಕೆಳಗೆ: ‘ಉಗಿ ಹೊರಬಿಟ್ಟ ನಂತರ’. ಇಂಗ್ಲಿಷಿನ ಸಾಲಿಗೆ ಸಾಲು ಹೊಂದಿಸಿದ್ದಳು, ಜಾಣೆ! ಉಳವಪ್ಪನೋ, ಯಾವ ಬೋರ್ಡನ್ನಾದರೂ ಒಂದು ಸಾಲು ಓದಿ, ಅಷ್ಟು ಮಾಡಿ, ಆಮೇಲೆ ಕೆಳಗಿನದಕ್ಕೆ ಕಣ್ಣು ಹಾಯಿಸುವವನು.

ಅವಳು ಕ್ಲಾಸು ಬಿಟ್ಟು ಹೊರಗೆ ಬಂದು ಗಂಡನಿಗೆ ಫೋನು ಮಾಡಿದಳು. ಶೆಡ್ಡಿನವರು ಮೊಬೈಲು ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ, ಫೋನು ಸುಮ್ಮನೆ ರಿಂಗಾಯಿತು. ಕಾಲೇಜಿನ ಎದುರಿಗೆ ನಿಂತಿದ್ದ ಹಸನಸಾಬನ ಆಟೊ ಹತ್ತಿದಳು. ಅವನು ಅವಳ ಮುಖ ನೋಡಿ ಗಾಡಿ ಜೋರಾಗಿ ಓಡಿಸಿದ.

ಶೆಡ್ಡಿನ ಬಾಗಿಲಲ್ಲಿ ನಿಂತಾಗ ಉಳವಪ್ಪ ಹಂಡೆಯ ಮೇಲೆ ಬಾಗಿ ಬೋಲ್ಟಿಗೆ ಪಾನಾ ಹಾಕಿ ತಿರುಗಿಸುತ್ತಿದ್ದ. ಒಳಗೆಲ್ಲ ಯಂತ್ರದ ಗದ್ದಲ. ‘ಉಗಿ ಬಿಟ್ಟು ಬೋಲ್ಟು ಬಿಚ್ಚಿ’ ಎನ್ನಬೇಕು. ಕೂಗಲು ಬಾಯಿ ತೆರೆದವಳಿಗೆ ಭಯವಾಯಿತು. ಈ ಗದ್ದಲದಲ್ಲಿ ಮೊದಲಿನದು ಮುಳುಗಿ, ಕೊನೆಯ ‘ಬಿಚ್ಚಿ’ ಒಂದೇ ಅವನನ್ನು ಮುಟ್ಟಿದರೆ?

“ಉಗಿ ಬಿಟ್ಟು!” ಎಂದಳು. ಮತ್ತೆ, ಇನ್ನೂ ಜೋರಾಗಿ, “ಉಗಿ ಬಿಟ್ಟು!”

ಅಷ್ಟೇ. ಮುಂದಿನದನ್ನು ನಾಲಿಗೆಯ ಮೇಲೇ ಹಿಡಿದಳು. ಉಳವಪ್ಪನ ಕೈ ನಿಂತಿತು. ಅರ್ಧಕ್ಕೆ ಬಿಟ್ಟ ಮಾತಿಗೆ ಯಾರಾದರೂ ಕಾಯಲೇಬೇಕಲ್ಲ, ಅವನೂ ಕಾದ.

“ಬಿಟ್ಟು ಏನ ಮಾಡಬೇಕ?” ಎಂದ.

ಅವಳು ಓಡಿಹೋಗಿ, ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು, ಗೋಡೆಯ ಹತ್ತಿರದ ಉಗಿಯ ನಲ್ಲಿ ತೋರಿಸಿದಳು. ಅವನು ತಿರುಗಿಸಿದ. ಚಾವಣಿಯ ಕೊಳವೆಯಿಂದ ಬಿಳಿ ಉಗಿ ಚೀರುತ್ತಾ ಹೋಯಿತು, ಎಷ್ಟೋ ಹೊತ್ತು ಹೋಗುತ್ತಲೇ ಇತ್ತು. ಅದನ್ನು ನೋಡುತ್ತಾ ಉಳವಪ್ಪನ ಮುಖ ಬಿಳಿಚಿತು.

ಚೀರುವುದು ನಿಂತ ಮೇಲೆ ಮಧುಮತಿ ಹೇಳಿದಳು, “ಈಗ ಬಿಚ್ಚರಿ.”

ಅವನು ಪಾನಾ ಎತ್ತಲಿಲ್ಲ. ಮುಚ್ಚಳದಲ್ಲಿ ಇನ್ನು ಎರಡೇ ಬೋಲ್ಟು ಉಳಿದಿದ್ದವು.