ನಾಲ್ಕು ಗಂಟೆ ಹತ್ತು ನಿಮಿಷದ ಕನ್ನಡ

ನನ್ನನ್ನು ಮನೆಯವರೆಲ್ಲ ಬಡಾಯಿ ಎಂದೇ ಕರೆಯುವುದು. ಒಪ್ಪಿದೆ. ಒಂದು ಸಲ ಸೀನಿ ಮೂರು ಬೀದಿಯ ಕಿಟಕಿ ತೆರೆಸಿದವನು ನಾನು, ಆರು ಹಂಡೆ ಅನ್ನವನ್ನು ನಿಂತಲ್ಲೇ ಮುಗಿಸಿದವನು ನಾನು. ಆದರೆ ಈಗ ಹೇಳುವುದರಲ್ಲಿ ಒಂದು ಉಪ್ಪಿನ ಹರಳಿನಷ್ಟೂ ಸೇರಿಸಿಲ್ಲ. ಸೇರಿಸಲು ಧೈರ್ಯ ಬರಲಿಲ್ಲ, ಅದಕ್ಕೆ.

ನನ್ನ ಭಾವ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದವರು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಸಾಲು ಕಟ್ಟಿದವರು. ಕಣ್ಣು ಕಟ್ಟಿ ನಿಲ್ಲಿಸಿದರೂ ಯಾವ ಖಾನೆಯಲ್ಲಿ ಯಾವ ಅಕ್ಷರ ಇದೆಯೆಂದು ಅವರ ಬೆರಳಿಗೆ ಗೊತ್ತು. ಅವರ ಬೆರಳು ಒಂದು ಸಲ ತಪ್ಪಿದ್ದರೆ ಸೂರ್ಯ ಅವತ್ತು ರಜೆ ಹಾಕುತ್ತಿದ್ದ. ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಹೋದ ವರ್ಷ ತೀರಿಕೊಂಡಳು. ಮಗ ಲಿಫ್ಟ್ ಮೆಕ್ಯಾನಿಕ್, ಅಪ್ಪನ ಜೊತೆಯಲ್ಲೇ ಇದ್ದಾನೆ. ಬೆಳಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ.

ಆ ಮಗ ಅಪ್ಪನಿಗೆ ಹೊಸ ಫೋನ್ ತಂದುಕೊಟ್ಟ. ಹದಿನೈದು ದಿನ ಕಳೆದ ಮೇಲೆ ಭಾವ ನನ್ನನ್ನು ಮನೆಗೆ ಕರೆದು, ಬಾಗಿಲು ಹಾಕಿ, ಪಿಸುಗುಟ್ಟಿದರು.

"ಬಡಾಯಿ, ನಿನ್ನಕ್ಕ ಈ ಫೋನಿನಲ್ಲಿದ್ದಾಳೆ ಕಣೋ."

ನಾನು ನಕ್ಕೆ. ಗೋಡೆಯ ಸುಣ್ಣ ಉದುರುವ ಹಾಗೆ ನಕ್ಕೆ. "ಭಾವ, ಬದುಕಿದ್ದಾಗ ಅಷ್ಟು ದೊಡ್ಡ ಅಡುಗೆಮನೆಯೇ ಅವಳಿಗೆ ಸಾಲುತ್ತಿರಲಿಲ್ಲ. ಇಷ್ಟು ಚಿಕ್ಕದರಲ್ಲಿ ಹೇಗೆ ಹಿಡಿಸಿದಳು?"

"ಬಾಯಿ ಮುಚ್ಚಿಕೊಂಡು ಕೂತ್ಕೋ. ಇನ್ನೂ ಐದು ನಿಮಿಷ ಇದೆ."

ಕೂತೆ. ಫೋನ್ ಮೇಜಿನ ಮೇಲೆ ಅಂಗಾತ ಮಲಗಿತ್ತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅದು ಮೈ ನಡುಗಿಸಿಕೊಂಡು ಎದ್ದಿತು. ಪರದೆ ಬೆಳಗಿತು. ಮೇಲೆ ಗಂಟೆ, ಕೆಳಗೆ ಎರಡು ಗುಂಡಿ, ಗುಂಡಿಯ ಮೇಲೆ ಇಂಗ್ಲಿಷು. ನಡುವೆ ಒಂದೇ ಒಂದು ಸಾಲು ಕನ್ನಡ.

ಒಲೆ ಆರಿಸಿದ್ರಾ?

ನನ್ನ ನಗು ನಿಂತಿತು. ಅದು ಅಕ್ಕನ ಮಾತು. ಭಾವನಿಗೆ ಒಲೆಯ ಮೇಲೆ ಏನಾದರೂ ಇಟ್ಟು ನಿದ್ದೆ ಹೋಗುವ ಚಾಳಿ. ಅಕ್ಕ ಕಾರ್ಖಾನೆಯಿಂದ ದಿನಾ ಫೋನ್ ಮಾಡಿ ಕೇಳುತ್ತಿದ್ದದ್ದು ಇದೇ ಎರಡು ಶಬ್ದ. ಉಭಯಕುಶಲೋಪರಿ ಗಿಭಯಕುಶಲೋಪರಿ ಏನೂ ಇಲ್ಲ.

"ಹದಿನೈದು ದಿನದಿಂದ ಬರ್ತಿದೆ. ಪ್ರತಿ ಸಲ ಹೋಗಿ ನೋಡ್ತೀನಿ, ಒಲೆ ಆರಿಯೇ ಇರುತ್ತೆ. ಆದರೂ ಕೇಳ್ತಾಳೆ."

"ಮಗನಿಗೆ ಹೇಳಿದ್ರಾ?"

"ಹೇಳಿದರೆ ಮೊದಲು ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾನೆ, ಆಮೇಲೆ ಫೋನನ್ನ ರಿಪೇರಿಗೆ. ಅದಲ್ಲ ನನ್ನ ಚಿಂತೆ. ಫೋನು ಪೂರ್ತಿ ಇಂಗ್ಲಿಷು. ಅಷ್ಟು ಜನ ಗುರುತಿಲ್ಲದವರ ನಡುವೆ ಅವಳೊಬ್ಬಳೇ ಕನ್ನಡ ಮಾತಾಡ್ಕೊಂಡು ನಿಂತಿದ್ದಾಳೆ. ಉಳಿದದ್ದನ್ನೂ ಕನ್ನಡ ಮಾಡಿಬಿಡ್ತೀನಿ."

ಅವರಿಗೆ ಇಂಗ್ಲಿಷಿನ ಅಕ್ಷರ ಗೊತ್ತು, ಶಬ್ದದ ಅರ್ಥ ಅಲ್ಲೊಂದು ಇಲ್ಲೊಂದು ಗೊತ್ತು. ಮರುದಿನ ಒಬ್ಬರೇ ಕೂತು ಹುಡುಕಿದರು. ಹಲ್ಲಿನ ಚಕ್ರದ ಚಿತ್ರ ಒತ್ತಿದರು, ಸೆಟ್ಟಿಂಗ್ಸ್ ತೆರೆಯಿತು. ಪಟ್ಟಿಯ ತಳದ ತನಕ ಇಳಿದು ಸಿಸ್ಟಮ್, ಅದರೊಳಗೆ ಮೊದಲನೆಯ ಸಾಲೇ ಭಾಷೆಗಳು. ಅಲ್ಲಿ ಇಂಗ್ಲಿಷ್ ಒಂದೇ ಇತ್ತು, ಕೆಳಗೆ ಒಂದು ಕೂಡಿಸುವ ಗುರುತು. ಅದನ್ನು ಒತ್ತಿದರೆ ಲೋಕದ ಭಾಷೆಗಳೆಲ್ಲ ತಮ್ಮ ತಮ್ಮ ಲಿಪಿಯಲ್ಲೇ ಹೆಸರು ಬರೆದುಕೊಂಡು ಸಾಲುಗಟ್ಟಿ ನಿಂತಿದ್ದವು. ಇಂಗ್ಲಿಷ್ ಅಕ್ಷರದವು ಮುಂದೆ, ಬಲದಿಂದ ಎಡಕ್ಕೆ ಓಡುವವು ಆಮೇಲೆ, ಅವನ್ನು ದಾಟಿ ಬಹಳ ಕೆಳಗೆ ಕನ್ನಡ. ಒತ್ತಿದರು. ಅದು ಇಂಗ್ಲಿಷಿನ ಕೆಳಗೆ ಬಂದು ಕೂತಿತು. ಇನ್ನೊಮ್ಮೆ ಪಟ್ಟಿ ನೋಡುವ ಚಪಲ. ಓಡುತ್ತಿದ್ದ ಪಟ್ಟಿಯನ್ನು ತಡೆದ ಬೆರಳು ಮತ್ತೊಮ್ಮೆ ತಾಗಿ ಅರಬ್ಬಿ ಆಯ್ಕೆಯಾಯಿತು. ಯಾವ ದೇಶದ ಅರಬ್ಬಿ ಎಂದು ಇನ್ನೊಂದು ಪಟ್ಟಿ ಬಂತು. ಗಾಬರಿಯಲ್ಲಿ ಅಲ್ಲೂ ಒಂದನ್ನು ಒತ್ತಿದರು. ಈಗ ಮೇಲಿಂದ ಇಂಗ್ಲಿಷ್, ಕನ್ನಡ, ಅರಬ್ಬಿ.

ಫೋನು ಮಾತ್ರ ಇನ್ನೂ ಇಂಗ್ಲಿಷಿನಲ್ಲೇ. ಇಲ್ಲೇ ನೋಡಿ ನನ್ನ ಭಾವ, ಜಗತ್ತಿನಲ್ಲಿ ಮೊಳೆ ಜೋಡಿಸುವವರು ಮಾತ್ರ ಮಾಡಬಹುದಾದ ತಪ್ಪು ಮಾಡಿದ್ದು. ಮೊಳೆಗಳನ್ನು ಸಾಲಾಗಿ ಜೋಡಿಸಲು ಅವರು ಕೈಯಲ್ಲಿ ಹಿಡಿಯುವ ಲೋಹದ ಪಟ್ಟಿ, ಅಂದರೆ ಸ್ಟಿಕ್ಕಿನಲ್ಲಿ, ಅಕ್ಷರಗಳು ತಲೆಕೆಳಗಾಗಿ ನಿಲ್ಲುತ್ತವೆ. ಮೊದಲನೆಯ ಸಾಲು ಮೈಯ ಹತ್ತಿರ, ಅಂದರೆ ತಳದಲ್ಲಿ. ಎರಡನೆಯದು ಅದರ ಮೇಲೆ. ನಲವತ್ತು ವರ್ಷ ಅವರಿಗೆ ತಳವೇ ತಲೆ. ಹಾಗಾಗಿ ಕನ್ನಡದ ಪಕ್ಕದ ಗೀಟುಗಳನ್ನು ಒತ್ತಿ ಹಿಡಿದು, ಎಳೆದು, ಎಲ್ಲಕ್ಕಿಂತ ಕೆಳಗೆ ತಂದು ಬಿಟ್ಟರು. "ಸರಿ, ಕನ್ನಡ ಮೊದಲಾಯಿತು. ಇಂಗ್ಲಿಷ್ ಬಾಲಕ್ಕೆ ಹೋಯಿತು. ಬಾಲ ಕತ್ತರಿಸಿದರೆ ಮುಗೀತು." ಮೂಲೆಯ ಮೂರು ಚುಕ್ಕೆ ಒತ್ತಿ, ತೆಗೆದುಹಾಕುವ ಸಾಲು ಹಿಡಿದು, ಇಂಗ್ಲಿಷಿಗೆ ಗುರುತು ಹಾಕಿ, ಕಸದ ಬುಟ್ಟಿಯ ಚಿತ್ರ ಒತ್ತಿದರು. ಫೋನ್ ಕೇಳಿತು, ಹೂಂ ಅಂದರು.

ಪಟ್ಟಿಯ ನಿಜವಾದ ತಲೆಯಲ್ಲಿ ಆಗ ಉಳಿದದ್ದು ಅರಬ್ಬಿ. ಫೋನು ಕಣ್ಣು ಮಿಟುಕಿಸಿ ಪೂರ್ತಿ ಮಗ್ಗುಲು ಬದಲಾಯಿಸಿತು. ಅಕ್ಷರವಷ್ಟೇ ಅಲ್ಲ, ಎಡಕ್ಕಿದ್ದ ಚಿತ್ರಗಳು ಬಲಕ್ಕೆ, ಬಲಕ್ಕಿದ್ದ ಗುಂಡಿಗಳು ಎಡಕ್ಕೆ, ಹಿಂದೆ ಹೋಗುವ ಬಾಣ ಕೂಡ ಆಚೆ ಮುಖ. ಅಂಕಿಗಳೂ ಬದಲಾದವು. ಕನ್ನಡಿಯೊಳಗಿನ ಕೋಣೆಗೆ ಕಾಲಿಟ್ಟ ಹಾಗೆ.

ಅವತ್ತು ನಾಲ್ಕು ಹತ್ತಕ್ಕೆ ಅದು ಮತ್ತೆ ನಡುಗಿತು. ಗಂಟೆ ಗುರುತಿಲ್ಲದ ಅಂಕಿಯಲ್ಲಿ, ಗುಂಡಿಗಳು ಗುರುತಿಲ್ಲದ ಲಿಪಿಯಲ್ಲಿ. ನಡುವೆ, ಒಂದು ಒತ್ತೂ ಕೊಂಕದೆ: ಒಲೆ ಆರಿಸಿದ್ರಾ?

ಭಾವ ಅವತ್ತು ಊಟ ಮಾಡಲಿಲ್ಲ. ಮರುದಿನ ನನ್ನ ಹತ್ತಿರ ಹೇಳಿದರು, "ಎಲ್ಲರೂ ಭಾಷೆ ಬದಲಾಯಿಸಿದರು ಕಣೋ. ಅವಳೊಬ್ಬಳು ಬದಲಾಯಿಸಲಿಲ್ಲ."

ಸಂಜೆ ಮಗ ಫೋನ್ ನೋಡಿ ಹಣೆ ಚಚ್ಚಿಕೊಂಡ. ಹತ್ತು ನಿಮಿಷ ಒದ್ದಾಡಿದ. ಹಿಂದೆ ಹೋಗಲು ಒತ್ತಿದರೆ ಎಲ್ಲೋ ಮುಂದೆ ಹೋಗುತ್ತಿತ್ತು.

"ಅಪ್ಪಾ, ಏನು ಮಾಡಿಟ್ಟಿದೀಯ ಇದನ್ನ? ಇರಲಿ ಬಿಡು. ನಾಳೆ ಬೇಗ ಬರ್ತೀನಿ. ಪವರ್ ಗುಂಡಿ, ವಾಲ್ಯೂಮ್ ಗುಂಡಿ ಒಟ್ಟಿಗೆ ಒತ್ತಿ ಪೂರ್ತಿ ಅಳಿಸಿಬಿಟ್ಟರೆ ಅಂಗಡಿಯಿಂದ ತಂದ ಹಾಗೆ ಆಗುತ್ತೆ."

"ಪೂರ್ತಿ ಅಂದರೆ?"

"ಪೂರ್ತಿ ಅಂದರೆ ಪೂರ್ತಿ. ಒಳಗೆ ಏನೂ ಇರಲ್ಲ."

 ಬೆಳಗಾಗುತ್ತಲೇ ಭಾವ ನನ್ನನ್ನು ಕರೆಸಿದರು. ಕಾಗದದಂತಾಗಿದ್ದರು ಮನುಷ್ಯ. "ಇವತ್ತು ಅವನು ಬಂದರೆ ಅವಳು ಇನ್ನೊಂದು ಸಲ ಹೋಗ್ತಾಳೆ ಕಣೋ."

ಮಧ್ಯಾಹ್ನ ಮೂರೂವರೆ ತನಕ ನಾವಿಬ್ಬರೂ ಫೋನನ್ನು ಹಾವಿನ ಮರಿಯ ಹಾಗೆ ದೂರದಿಂದ ನೋಡುತ್ತಾ ಕೂತೆವು. ಕೈ ತಾಗಿದರೆ ಆ ಸಾಲೂ ಅಳಿದೀತೆಂಬ ಭಯ ಅವರಿಗೆ. ನನಗೆ ಭಯವಿರಲಿಲ್ಲ, ಸುಮ್ಮನೆ ಕೂತು ಅಭ್ಯಾಸವಿಲ್ಲ ಅಷ್ಟೇ. ಚಹಾ ಕುಡಿದರೆ ಸರಿಹೋದೀತೆಂದು ಅಡುಗೆಮನೆಗೆ ಹೋಗಿ ಬಂದೆ.

ನಾಲ್ಕಕ್ಕೆ ಸರಿಯಾಗಿ ಮಗ ಬಂದ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ, "ಎಲ್ಲಿ ಕೊಡು," ಅಂದ.

"ಐದು ನಿಮಿಷ ತಡಿ ಮಗಾ."

"ಯಾಕಪ್ಪಾ? ಮಾವ, ನೀವಾದರೂ ಹೇಳಿ."

"ತಡಿಯಪ್ಪ," ಅಂದೆ. ಇಷ್ಟು ಚಿಕ್ಕ ಮಾತು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ.

ಭಾವ ಕನ್ನಡಕ ತೆಗೆದು ಬದಿಗಿಟ್ಟರು. "ಉಲ್ಟಾ ಓದೋದಕ್ಕೇ ನಲವತ್ತು ವರ್ಷ ಸಂಬಳ ತಗೊಂಡಿದ್ದೀನಿ," ಎಂದು ಗೊಣಗಿ, ಅಕ್ಷರ ಓದುವುದನ್ನು ಬಿಟ್ಟು ಜಾಗ ಹಿಡಿದರು. ಎಡಕ್ಕಿದ್ದದ್ದನ್ನು ಬಲಕ್ಕೆ ಹುಡುಕಿದರು. ಹಲ್ಲಿನ ಚಕ್ರಕ್ಕೆ ಭಾಷೆಯಿಲ್ಲ, ಅದು ಸಿಕ್ಕಿತು. ಪಟ್ಟಿಯ ತಳ. ನಿನ್ನೆ ಒತ್ತಿದ ಅದೇ ಚಿತ್ರ. ಮೊದಲನೆಯ ಸಾಲು. ಬೆರಳು ಸೀಸದ ಖಾನೆಗಳ ಮೇಲೆ ಓಡುವ ಹಾಗೆಯೇ ಓಡಿತು. ಕೊನೆಗೆ ಎರಡೇ ಹೆಸರಿನ ಪುಟ ಬಂತು. ಮೇಲೆ ಅರಬ್ಬಿ. ಕೆಳಗೆ, ಅಷ್ಟೂ ಅಪರಿಚಿತ ಗೆರೆಗಳ ನಡುವೆ, ಕನ್ನಡದಲ್ಲೇ ಬರೆದ ಕನ್ನಡ.

ಭಾವ ಆ ಪುಟವನ್ನೇ ದಿಟ್ಟಿಸಿದರು. ಆಮೇಲೆ ತೊಡೆಗೆ ಹೊಡೆದುಕೊಂಡರು. "ಇದು ಸ್ಟಿಕ್ಕಲ್ಲ ಕಣೋ ಬಡಾಯಿ! ಅಚ್ಚಾಗಿ ಬಂದ ಕಾಗದ ಇದು! ತಲೆ ಮೇಲಿದೆ!"

ಎಳೆಯುವ ಗೀಟುಗಳು ಈಗ ಎಡಗಡೆಗೆ ಬಂದಿದ್ದವು. ಬೆರಳಿಟ್ಟು, ಒತ್ತಿ ಹಿಡಿದು, ಕನ್ನಡವನ್ನು ಅರಬ್ಬಿಯ ಮೇಲಕ್ಕೆ ಎತ್ತಿ ಬಿಟ್ಟರು. ಪರದೆ ಒಂದು ಉಸಿರು ಹಿಡಿಯಿತು. ಮರುಕ್ಷಣ ಎಲ್ಲವೂ ಮತ್ತೆ ಮಗ್ಗುಲಾಗಿ, ಭಾಷೆಗಳು, ಸಿಸ್ಟಂ, ಸೆಟ್ಟಿಂಗ್‌ಗಳು ಎಂದು ಶುದ್ಧ ಕನ್ನಡದಲ್ಲಿ ನಿಂತುಕೊಂಡವು.

"ಅರೆ!" ಅಂದ ಮಗ. "ಇನ್ನು ಅಳಿಸೋದೇ ಬೇಡ ಬಿಡು."

ಅಷ್ಟರಲ್ಲಿ ನಾಲ್ಕು ಹತ್ತಾಯಿತು. ಫೋನು ಅಪ್ಪನ ಕೈಯಲ್ಲೇ ನಡುಗಿತು. ಆ ಹೊತ್ತಿಗೆ ದಿನಾ ಲಿಫ್ಟಿನ ಹೊಂಡದೊಳಗೆ ಇರುತ್ತಿದ್ದ ಮಗ ಆ ಸಾಲನ್ನು ಕಂಡದ್ದು ಅದೇ ಮೊದಲು. ಮುಖದ ಬಣ್ಣ ಇಳಿಯಿತು.

"ಅಮ್ಮನ ಅಲಾರಂ ಇದು," ಅಂದ ಮೆಲ್ಲಗೆ. "ನಿನಗೆ ಫೋನ್ ಮಾಡೋದು ಮರೀಬಾರದು ಅಂತ ಇಟ್ಟುಕೊಂಡಿದ್ದಳು, ಅದರ ಮೇಲೆ ಈ ಸಾಲೂ ಅವಳೇ ಬರೆದದ್ದು. ಕೇಬಲ್ ಹಾಕಿ ಅವಳ ಫೋನಿನಿಂದ ಇದಕ್ಕೆ ಎಲ್ಲ ಇಳಿಸಿದೆನಲ್ಲ, ಇದೂ ಬಂದುಬಿಟ್ಟಿದೆ. ಭಾಷೆ ಬದಲಾಯಿಸಿದರೆ ಫೋನಿನ ಮಾತು ಬದಲಾಗುತ್ತೆ ಅಪ್ಪಾ, ಮನುಷ್ಯರು ಬರೆದಿಟ್ಟದ್ದು ಬದಲಾಗಲ್ಲ. ಆ ಹಳೇ ಫೋನನ್ನ ಅಳಿಸಿ ಅಂಗಡಿಗೆ ಕೊಟ್ಟೆ. ಈಗ ಇದು ಬಿಟ್ಟರೆ ಎಲ್ಲೂ ಇಲ್ಲ. ಇವತ್ತು ನಾನು..."

ಮಾತು ಮುಗಿಸಲಿಲ್ಲ. ಮೂಗು ಅರಳಿಸಿದ. ಅಡುಗೆಮನೆಗೆ ಓಡಿದ.

ಚಹಾಕ್ಕೆ ನೀರಿಟ್ಟವನು ನಾನೇ. ಮರೆತವನೂ ನಾನೇ. ನೀರು ಪೂರ್ತಿ ಇಂಗಿ, ಪಾತ್ರೆಯ ತಳ ಕೆಂಪಗೆ ಹೊಳೆಯುತ್ತಿತ್ತು. ಹಿಡಿಬಟ್ಟೆಯ ಅಂಚು ಕಂದಿ, ಹೊಗೆ ಒಂದು ಎಳೆಯಾಗಿ ಮೇಲೇಳುತ್ತಿತ್ತು. ಅಷ್ಟು ದಿನ ಆರಿದ್ದ ಒಲೆ ಅವತ್ತೊಂದು ದಿನ ಉರಿಯುತ್ತಿತ್ತು. ಮಗ ಒಲೆ ಆರಿಸಿದ ಸದ್ದು ಕೇಳಿದ ಮೇಲೆ ಭಾವ ಪರದೆಗೆ ಮುಖ ಹತ್ತಿರ ತಂದು, "ಆರಿಸಿದೆವು ಕಣೇ," ಅಂದರು. ಆಮೇಲೆ ನಿಲ್ಲಿಸಿ ಎಂದು ಕನ್ನಡದಲ್ಲಿ ಬರೆದಿದ್ದ ಗುಂಡಿ ಒತ್ತಿದರು.

ನಾನು ಆ ಮನೆಯಲ್ಲಿ ಮತ್ತೆ ಒಲೆ ಮುಟ್ಟಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಹೋಗಿದ್ದೆ. ಭಾವ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದರು. ನಾಲ್ಕು ಹತ್ತಾಯಿತು. ನಾಲ್ಕು ಹನ್ನೊಂದಾಯಿತು. ಫೋನು ತೆಪ್ಪಗಿತ್ತು.

"ಕೆಟ್ಟೋಯ್ತಾ ಭಾವ?" ಅಂದೆ.

ಅವರು ಗಡಿಯಾರದ ಪುಟ ತೆರೆದು ತೋರಿಸಿದರು. ಕನ್ನಡದಲ್ಲಿ ಸ್ಪಷ್ಟವಾಗಿತ್ತು, ಸೋಮವಾರದಿಂದ ಶನಿವಾರದ ತನಕ. ಕಾರ್ಖಾನೆಯ ಕೆಲಸದ ದಿನಗಳು.

"ಭಾನುವಾರ ಯಾಕೆ ಫೋನ್ ಮಾಡ್ತಾಳೆ?" ಅಂದರು ಭಾವ. "ಭಾನುವಾರ ಮನೇಲೇ ಇರ್ತಾಳಲ್ಲ."

ಹೇಳಿ, ಬೆಂಚಿನ ಮೇಲೆ ಒಂದಾಳಿಗೆ ಆಗುವಷ್ಟು ಪಕ್ಕಕ್ಕೆ ಸರಿದರು. ನನಗೆಂದು ತಿಳಿದು ಕೂರಲು ಹೋದೆ. ಅವರು ಕೈ ಅಡ್ಡ ಇಟ್ಟು, "ನೀನು ಆಚೆ ಕುರ್ಚಿ ತಗೋ," ಅಂದರು.