ಕಡಿಮೆ ಆದರೆ ಸಿಹಿ ಕೊಡಿ

ಹನ್ನೊಂದರೊಳಗೆ ಆರನೇ ಮಂಚ ಖಾಲಿಯಾಗಬೇಕಿತ್ತು. ಡಾಕ್ಟರು ಎರಡು ಸಲ ಬಾಗಿಲಿಗೆ ಬಂದು ಗಡಿಯಾರ ನೋಡಿಕೊಂಡು ಹೋಗಿದ್ದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮಂಚದಲ್ಲಿದ್ದ ದರ್ಜಿಗೆ ಹೊಸದಾಗಿ ಇನ್ಸುಲಿನ್ ಶುರುವಾಗಿತ್ತು. ಅವರ ಡಿಸ್ಚಾರ್ಜ್ ಸಮ್ಮರಿ ಮೂರು ಪುಟ ಇಂಗ್ಲಿಷ್. ಅದನ್ನು ಒಂದು ಹಾಳೆಯ ಕನ್ನಡ ಮಾಡುವುದು ನರ್ಸಾದ ನಾನೇ ಮೈಮೇಲೆ ಎಳೆದುಕೊಂಡ ಕೆಲಸ. ತಿಂಡಿಗೆ ಅರ್ಧ ಗಂಟೆ ಮೊದಲು ಹದಿನಾಲ್ಕು ಯೂನಿಟ್, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಎಂಟು. ಚುಚ್ಚಿದ ಮೇಲೆ ಊಟ ತಪ್ಪಿಸಬಾರದು. ಬಿಪಿ ಮಾತ್ರೆ ಬೆಳಿಗ್ಗೆ ಒಂದೇ. ಹಾಳೆಯ ಕೆಳಭಾಗ ಇನ್ಸುಲಿನ್ ಶುರುವಾದವರಿಗೆಲ್ಲ ಒಂದೇ, ಜೆರಾಕ್ಸ್ ಮಾಡಿಟ್ಟಿದ್ದೆ: ‘ಸಕ್ಕರೆ ಕಡಿಮೆ ಆಗುವ ಲಕ್ಷಣ: ಬೆವರು, ನಡುಕ, ಮಂಪರು. ಆಗ ಸಿಹಿ ಕೊಡಿ.’ ಎಷ್ಟು ಚುಟುಕು ಎಂದು ನನಗೆ ಜಂಬ ಬೇರೆ.

ದರ್ಜಿಯ ಹೆಂಡತಿಗೆ ಓದಿ ಹೇಳಿ, ಸಕ್ಕರೆ ಕಡಿಮೆ ಆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರ ಮುಖ ಅರಳಿತು.

“ಕಡಿಮೆ ಆದ್ರೆ ಒಳ್ಳೇದೇ ಅಲ್ವಾ ಸಿಸ್ಟರ್. ನೀವು ಹೇಳ್ದಂಗೆ ಸಿಹಿ ಕೊಡ್ತೀನಿ, ಬೀದಿಗೆಲ್ಲ.”

ನಗಲು ಹೊರಟವಳಿಗೆ ತಟ್ಟನೆ ಹೊಳೆಯಿತು. ಜ್ವರ ಕಡಿಮೆಯಾಯಿತು, ನೋವು ಕಡಿಮೆಯಾಯಿತು ಎಂದು ದಿನವಿಡೀ ಹೇಳುವವಳು ನಾನೇ. ಇನ್ಸುಲಿನ್ ಶುರುವಾಗಿ ಸೋಮವಾರ ಮನೆಗೆ ಹೋದ ಬಸ್ ಡ್ರೈವರ್‌ಗೂ ಇದೇ ಕೆಳಭಾಗದ ಹಾಳೆ ಕೊಟ್ಟಿದ್ದೆ. ಓದಿ ಹೇಳಿದ್ದೆ, ಏನು ಮಾಡುತ್ತೀರಿ ಎಂದು ತಿರುಗಿ ಕೇಳಿರಲಿಲ್ಲ. ರಿಜಿಸ್ಟರಿನಲ್ಲಿ ಅವರ ನಂಬರ್ ಹುಡುಕಿದೆ.

ಡ್ರೈವರ್ ಮಗಳು ಫೋನ್ ತೆಗೆದಳು, ಖುಷಿಯಲ್ಲಿದ್ದಳು. “ಅಪ್ಪಂಗೆ ಕಡಿಮೆ ಆಗ್ತಿದೆ ಸಿಸ್ಟರ್. ಇನ್ಸುಲಿನ್ ಚುಚ್ಚಿದ್ಮೇಲೆ ತಿಂಡಿ ಬೇಡ ಅಂದ್ರು, ಈಗ ಚೆನ್ನಾಗಿ ಬೆವರ್ತಿದಾರೆ. ಮಂಪರು ಹತ್ತಿದೆ, ಮಲಗ್ಲಿ ಅಂತ ಬಿಟ್ಟಿದೀವಿ.”

“ಎಬ್ಬಿಸಮ್ಮಾ. ಎದ್ದು ಕೂತು ನುಂಗೋ ಹಾಗಿದ್ರೆ ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಸು. ಏಳ್ದಿದ್ರೆ ಬಾಯಿಗೆ ಏನೂ ಹಾಕ್ಬೇಡ, ಆಂಬುಲೆನ್ಸ್ ಕರಿ. ಫೋನ್ ಇಡ್ಬೇಡ.”

‘ಅಪ್ಪಾ’ ಎಂದು ಒಂದು ಸಲ ಕರೆದಳು, ಇನ್ನೊಂದು ಸಲ. ಆಮೇಲೆ ಬರೀ ಚಪ್ಪಲಿಯ ಸದ್ದು. ನನ್ನ ಹಾಳೆ ನನ್ನ ಮುಂದೆಯೇ ಬಿದ್ದಿತ್ತು, ಅದರ ಮುಖ ನೋಡಲು ಆಗಲಿಲ್ಲ. ಕೊನೆಗೆ ಲೋಟಕ್ಕೆ ಚಮಚ ತಾಗುವ ಸದ್ದು, ಅದರ ಹಿಂದೆಯೇ ತೊದಲುವ ಗಂಡು ದನಿ: ನಿದ್ದೆ ಕೆಡಿಸಿದ್ದು ಯಾರು ಎಂದು ಬೈಯುತ್ತಿತ್ತು. ಅಷ್ಟು ಇಂಪಾದ ಬೈಗುಳ ನಾನು ಕೇಳಿಲ್ಲ. ಹದಿನೈದು ನಿಮಿಷಕ್ಕೆ ಮನೆಯ ಮೀಟರಿನಲ್ಲಿ ಸಕ್ಕರೆ ಪರೀಕ್ಷೆ ಮಾಡಿ, ಇನ್ನೂ ಏರದಿದ್ದರೆ ಮತ್ತೆ ಸಕ್ಕರೆ ನೀರು, ಏರಿದ ಮೇಲೆ ಊಟ, ಆಮೇಲೆ ಇಲ್ಲಿಗೇ ಕರೆತಾ ಎಂದೆ. ಸಕ್ಕರೆ ಏರಿದೆ ಎಂದು ಮಗಳು ಹೇಳುವ ತನಕ ಫೋನ್ ಬಿಡಲಿಲ್ಲ.

ಜೆರಾಕ್ಸ್ ಕಂತೆ ಹರಿದೆ. ಡಾಕ್ಟರು ಮೂರನೇ ಸಲ ಬಂದಾಗ ಮಂಚ ಇನ್ನೂ ಖಾಲಿಯಿಲ್ಲ ಎಂದುಬಿಟ್ಟೆ. ‘ಸಕ್ಕರೆ ತೀರಾ ಇಳಿದರೆ ಜೀವಕ್ಕೆ ಅಪಾಯ’ ಎಂದು ಶುರುಮಾಡಿ, ಫೋನಿನಲ್ಲಿ ಹೇಳಿದ್ದನ್ನೆಲ್ಲ ಬರೆದೆ. ದರ್ಜಿಯ ಹೆಂಡತಿ ಈ ಸಲ ಒಂದೊಂದಾಗಿ ತಿರುಗಿ ಒಪ್ಪಿಸಿದರು. ಕೊನೆಗೆ ತಾವೇ ಸೇರಿಸಿದರು:

“ಸಿಹಿ ಇವರಿಗೆ, ಬೀದಿಗಲ್ಲ.”

ಅದನ್ನೂ ಹಾಳೆಯಲ್ಲಿ ಬರೆದೆ.