ಸರಿದ ತಾರೀಖು

ವಾಚಿನ ಹುಚ್ಚು ಹತ್ತಿದವರ ಫೋನ್ ಗುಂಪಿನಲ್ಲಿ ಅವಳಿಗೆ ಭೂತಗನ್ನಡಿ ಅಕ್ಕ ಎಂದೇ ಹೆಸರು. ಹಳೇ ವಾಚುಗಳ ಅಂಗಡಿಯಲ್ಲಿ ಅವಳ ಕೆಲಸವೂ ಅದೇ. ಜನ ಕಳಿಸಿದ ಫೋಟೋ ದೊಡ್ಡದು ಮಾಡಿ, ಇದು ಅಸಲಿ, ಇದು ನಕಲಿ, ಇದಕ್ಕೆ ಯಾರೋ ಕೈ ಹಾಕಿದ್ದಾರೆ ಎಂದು ಹೇಳಬೇಕು. ಡಯಲ್ ಮೇಲಿನ ಅಚ್ಚು, ಕಿಟಕಿಯಲ್ಲಿ ಕೂತ ತಾರೀಖು, ಕೀಲಿ ಕೊಡುವ ಕ್ರೌನ್ ಮೇಲಿನ ಕೆತ್ತನೆ ನೆಟ್ಟಗೆ ಕಂಡರೆ ಸಾಕು, ವಾಚಿನ ಜಾತಕವನ್ನೇ ಬಿಡಿಸಿಡುತ್ತಿದ್ದಳು.

ಆ ದಿನ ನಿವೃತ್ತ ಮೇಷ್ಟ್ರೊಬ್ಬರು ಗುಂಪಿಗೆ ಎರಡು ಫೋಟೋ ಹಾಕಿದರು. ‘ರಿಪೇರಿಗೆ ಕೊಡೋ ಮುಂಚೆ ಹೀಗಿತ್ತು, ವಾಪಸ್ ಬಂದ್ಮೇಲೆ ಹೀಗಿದೆ. ತೀರಿಕೊಂಡ ನನ್ನ ಹೆಂಡತಿ ಕೊಡಿಸಿದ ವಾಚು. ಸ್ಟೇಷನ್ ರಸ್ತೆ ವಾಚಜ್ಜ ಅದನ್ನೇ ಬದಲಾಯಿಸಿಬಿಟ್ರಾ? ನೀವೇ ಹೇಳಿ ಅಕ್ಕ.’

ವಾಚಜ್ಜ ಅವಳ ಸೋದರಮಾವ. ಅಪ್ಪನಿಲ್ಲದ ಹುಡುಗಿಯನ್ನು ಸಾಕಿ, ಕೈಗೆ ಚಿಮಟ ಕೊಟ್ಟು, ಈ ವಿದ್ಯೆ ಕಲಿಸಿದವನೇ ಅವನು. ಗುಂಪಿನಲ್ಲಿ ಯಾರಿಗೂ ಈ ನೆಂಟಸ್ತಿಕೆ ಗೊತ್ತಿಲ್ಲ. ನಾಳೆ ಗೊತ್ತಾದರೆ? ಮಾವನೆಂದು ಮುಚ್ಚಿಹಾಕಿದಳು ಅಂತ ಆಡಿಕೊಳ್ಳುವುದಿಲ್ಲವೇ? ಅವಳಿಗೆ ಆ ಭಯವೇ ದೊಡ್ಡದಾಯಿತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕತೊಡಗಿದಳು. ಹುಡುಕುವವರಿಗೆ ತಪ್ಪಿಗೇನು ಬರವೇ!

ಮೊದಲನೆಯ ಫೋಟೋದಲ್ಲಿ ತಾರೀಖು ಕಿಟಕಿಯ ನಟ್ಟನಡುವೆ ಕೂತಿತ್ತು. ಎರಡನೆಯದರಲ್ಲಿ ಪಕ್ಕಕ್ಕೆ ಸರಿದು ಚೌಕಟ್ಟಿಗೆ ತಾಗಿತ್ತು. ಕ್ರೌನ್ ಮೇಲೆ ಮಾಸಿದ್ದ ಕಂಪನಿಯ ಗುರುತು ಈಗ ಸ್ಪಷ್ಟವಾಗಿತ್ತು, ಗೆರೆಗಳೂ ತುಸು ಸಣ್ಣ. ಡಯಲ್ ಅಕ್ಷರಗಳು ದಪ್ಪ ಕಂಡವು. ‘ಮೂರೂ ಹೊಂದುತ್ತಿಲ್ಲ. ವಾಚು ಬದಲಾದಂತಿದೆ’ ಎಂದು ಬರೆದೇಬಿಟ್ಟಳು.

ಆಮೇಲೆ ಕೇಳಬೇಕೆ? ಗುಂಪಿನವರು ಉಪ್ಪುಖಾರ ಹಚ್ಚಿ ಊರಿಡೀ ಹರಡಿದರು. ‘ಮುದುಕ ಎಷ್ಟು ಜನಕ್ಕೆ ಟೋಪಿ ಹಾಕಿದ್ದಾನೋ!’ ಎಂದ ಒಬ್ಬ. ಇನ್ನೊಬ್ಬ ಅಂಗಡಿಯ ಫೋಟೋವನ್ನೇ ಹಾಕಿದ. ಮಾವ ಕಳ್ಳನೇ? ಮರುದಿನವೂ ಮನಸ್ಸು ಒಪ್ಪದೆ ಅವಳು ಫೋಟೋಗಳನ್ನು ಮತ್ತೆ ತೆರೆದಳು.

ಈ ಸಲ ಮುಳ್ಳುಗಳನ್ನು ನೋಡಿದಳು. ಎರಡನೆಯ ಫೋಟೋದಲ್ಲಿ ಹನ್ನೆರಡಕ್ಕೆ ಸ್ವಲ್ಪ ಕಡಿಮೆ. ಗಾಜಿನ ಮೇಲೆ ಟ್ಯೂಬ್‌ಲೈಟಿನ ಬಿಳಿ ಪಟ್ಟಿ. ಅಯ್ಯೋ ನನ್ನ ಬುದ್ಧಿಗಿಷ್ಟು! ರಾತ್ರಿ ತೆಗೆದ ಫೋಟೋ. ಈ ಬಗೆಯ ವಾಚಿನಲ್ಲಿ ನಡುರಾತ್ರಿ ಹತ್ತಿರವಾದಂತೆ ತಾರೀಖಿನ ಚಕ್ರ ನಿಧಾನವಾಗಿ ತಿರುಗಲು ಶುರುಮಾಡುತ್ತದೆ. ಅಂಕಿ ಪಕ್ಕಕ್ಕೆ ಸರಿಯದೆ ಇನ್ನೇನು ಮಾಡೀತು? ಅಚ್ಚನ್ನು ಮತ್ತಷ್ಟು ಹಿಗ್ಗಿಸಿದಳು. ದಪ್ಪಗೆ ಕಂಡದ್ದು ಮಸುಕು ಫೋಟೋದಿಂದ. ಮೊದಲಕ್ಷರದ ಬುಡದಲ್ಲಿ ಶಾಯಿಯ ಸಣ್ಣ ಚುಕ್ಕೆ, ಪಕ್ಕದ ನಿಮಿಷದ ಗೆರೆ ಒಂಚೂರು ಮೋಟು. ಆ ಎರಡು ಕೊರತೆಯೂ ಎರಡೂ ಫೋಟೋದಲ್ಲಿ ಅಲ್ಲಲ್ಲೇ ಇದ್ದವು. ಡಯಲ್ ಅದೇ!

ಮೇಷ್ಟ್ರಿಗೆ ಫೋನ್ ಮಾಡಿದಳು. “ಸರ್, ಈಗ ಮಧ್ಯಾಹ್ನದ ಬೆಳಕಲ್ಲಿ ಒಂದು ಫೋಟೋ ತೆಗೀರಿ. ವಾಚಿನ ಜೊತೆ ವಾಚಜ್ಜ ಏನಾದ್ರೂ ಕೊಟ್ಟಿದ್ರಾ?”

“ಏನೋ ಪೊಟ್ಟಣ ಇತ್ತಮ್ಮ. ಬಿಚ್ಚಿಲ್ಲ.”

ಬಿಚ್ಚಿದರೆ ಸವೆದ ಹಳೇ ಕ್ರೌನ್. ಬಂದ ಫೋಟೋದಲ್ಲಿ ತಾರೀಖು ನಟ್ಟನಡುವೆ. “ಛೆ, ಎಂಥಾ ಮಾತಾಡಿಬಿಟ್ಟೆ ಆ ಪುಣ್ಯಾತ್ಮನಿಗೆ!” ಎಂದು ಮೇಷ್ಟ್ರು ಮರುಗಿದರು.

‘ತಪ್ಪು ನನ್ನದು. ವಾಚಜ್ಜ ನನ್ನ ಸೋದರಮಾವ. ಮಾವ ಅನ್ನೋ ಕಾರಣಕ್ಕೆ ಹೇಳುತ್ತಿಲ್ಲ, ಫೋಟೋಗಳನ್ನು ನೀವೇ ನೋಡಿ’ ಎಂದು ಒಂದೊಂದೇ ಗುರುತು ತೋರಿಸಿ ಗುಂಪಿಗೆ ಬರೆದಳು. ಬರೆದವಳೇ ಸ್ಟೇಷನ್ ರಸ್ತೆಗೆ ಓಡಿದಳು.

ಮಾವನ ಮೇಜು ಖಾಲಿಯಾಗಿತ್ತು. ರಿಪೇರಿಗೆ ಕೊಟ್ಟವರೆಲ್ಲ ಬಂದು ವಾಚು ವಾಪಸ್ ಒಯ್ದಿದ್ದರು. ಅವನು ಸುಮ್ಮನೆ ಗಾಜು ಒರೆಸುತ್ತಿದ್ದ.

“ಮಾವ, ಬರೆದಿದ್ದು ನಾನೇ.”

“ಗೊತ್ತು ಪುಟ್ಟಿ. ವಾಚು ಒಯ್ಯೋಕೆ ಬಂದೋರು ಹೇಳಿದ್ರು, ಭೂತಗನ್ನಡಿ ಅಕ್ಕ ಬರೆದಿದ್ದು ಅಂತ. ಹಳೇ ಕ್ರೌನಲ್ಲಿ ಗುರುತು ಸವೆದಿತ್ತು, ನೀರೂ ಇಳೀತಿತ್ತು. ಕಂಪನಿಯ ಹೊಸದೇ ಹಾಕ್ದೆ. ಈಚಿನದ್ರಲ್ಲಿ ಕೆತ್ತನೆ ಸಣ್ಣ.”

“ನಿನ್ನ ಪಕ್ಷ ವಹಿಸ್ದೆ ಅಂದಾರು ಅಂತ ಹೆದರಿಬಿಟ್ಟೆ ಮಾವ. ಈಗ ಸರಿ ಮಾಡಿ ಬರ್ದಿದ್ದೀನಿ. ಎಲ್ರೂ ವಾಪಸ್ ಬರ್ತಾರೆ.”

ಅವನು ಬಟ್ಟೆ ಕೆಳಗಿಟ್ಟ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

“ಬರ್ಲಿ ಬಿಡು. ಒಂದು ಮಾತು ಹೇಳು. ಯಾರೋ ಗುರುತಿಲ್ಲದ ರಿಪೇರಿಯವನಾಗಿದ್ರೆ, ಬರೆಯೋಕೆ ಮುಂಚೆ ಫೋನ್ ಮಾಡಿ ‘ಏನ್ ಮಾಡಿದ್ರಿ ಸ್ವಾಮಿ’ ಅಂತ ಕೇಳ್ತಿದ್ದೆ ತಾನೆ?”

ಕೇಳುತ್ತಿದ್ದಳು. ಯಾವತ್ತೂ ಕೇಳುತ್ತಿದ್ದಳು. ಅವಳು ಮಾವನ ಎದುರು ತಲೆ ತಗ್ಗಿಸಿ, ಹೌದು ಎಂದಳು.